ಕರ್ವ್ ನಂಬರ್ ಸರಾಸರಿ ಮಾಡಿದರೆ ಕೆರೆಗೆ ಬರುವ ನೀರು ಕಡಿಮೆ ಬರುತ್ತಿದೆ, ಯಾಕೆ?

ಪ್ರಶ್ನೆ: ನಮ್ಮೂರ ಕೆರೆಯ ಜಲಾನಯನ 200 ಹೆಕ್ಟೇರ್, ನೀರು ಇಂಗಿಸುವ ಲೆಕ್ಕದಲ್ಲಿ ಮಣ್ಣು ಪೂರ್ತಿ ಬಿ ಗುಂಪು. ನೆಲದಿಂದ ಎಷ್ಟು ಮಳೆನೀರು ಹರಿಯುತ್ತೆ ಅಂತ ತೋರಿಸುವ ಕರ್ವ್ ನಂಬರ್, ಅಂದರೆ ಸಿಎನ್, ಹೀಗಿದೆ: 120 ಹೆಕ್ಟೇರ್ ರಾಗಿ ಹೊಲ (ಸಿಎನ್ 75), 60 ತೋಪು (60), 20 ಊರು ಮತ್ತು ಬಂಡೆ (98). ಸರಾಸರಿ ಸಿಎನ್ 72.8. 40 ಮಿ.ಮೀ. ಮಳೆಗೆ 3.8 ಮಿ.ಮೀ. ಮಾತ್ರ ಹರಿಯುತ್ತೆ ಅಂತ ಲೆಕ್ಕ ಬರ್ತಿದೆ. ಕೆರೆಗೆ ಅದಕ್ಕಿಂತ ಜಾಸ್ತಿ ಬರುತ್ತೆ. ಎಲ್ಲಿ ಎಡವಿದ್ದೇನೆ?

ಉತ್ತರ: ನಿಮ್ಮ ಸೂತ್ರ ಸರಿ, ಸರಾಸರಿ ತೆಗೆದ ಜಾಗ ಸರಿಯಿಲ್ಲ. ಸಿಎನ್ ಏರಿದರೆ ಹರಿವು ಅದಕ್ಕಿಂತ ವೇಗವಾಗಿ ಏರುತ್ತೆ. ಹಾಗಾಗಿ ಮೊದಲು ಪ್ರತಿ ತುಂಡಿನ ಹರಿವು ಲೆಕ್ಕ ಹಾಕಿ, ಆಮೇಲೆ ವಿಸ್ತೀರ್ಣಕ್ಕೆ ತಕ್ಕಂತೆ ಕೂಡಿಸಬೇಕು.

ನಿಮ್ಮದೇ ಅಂಕಿ ಹಿಡಿದು ನೋಡೋಣ. ನೆಲ ಹಿಡಿದಿಟ್ಟುಕೊಳ್ಳಬಲ್ಲ ಗರಿಷ್ಠ ನೀರು ಮಿ.ಮೀ.ನಲ್ಲಿ S = 25400/CN − 254; ಮಳೆ 0.2S ದಾಟಿದ ಮೇಲಷ್ಟೇ ನೀರು ಹರಿಯಲು ಶುರು. ಹೊಲದಿಂದ 4.9 ಮಿ.ಮೀ. ಹರಿಯುತ್ತೆ. ತೋಪಿನಲ್ಲಿ ಮೊದಲ 34 ಮಿ.ಮೀ. ನೆಲದಲ್ಲೇ ಉಳಿಯುವುದರಿಂದ ಹೊರಗೆ ಬರುವುದು 0.2 ಮಾತ್ರ. ಊರು, ಬಂಡೆಯಿಂದ ಬರೋಬ್ಬರಿ 34.4. ಕೂಡಿಸಿದರೆ ಇಡೀ ಜಲಾನಯನಕ್ಕೆ 6.5 ಮಿ.ಮೀ., ಅಂದರೆ ಸುಮಾರು 12,900 ಘನ ಮೀಟರ್. ನಿಮ್ಮ ಲೆಕ್ಕದಲ್ಲಿ ಬಂದಿದ್ದು 7,600. ಹತ್ತರಲ್ಲಿ ಒಂದು ಪಾಲು ಜಾಗ ಅರ್ಧಕ್ಕಿಂತ ಹೆಚ್ಚು ನೀರು ಕೊಡುತ್ತಿದೆ. ಸರಾಸರಿ ಸಿಎನ್ ಅದನ್ನೇ ನುಂಗಿಹಾಕಿದೆ. 100 ಮಿ.ಮೀ. ಮಳೆಗೆ ಇದೇ ಲೆಕ್ಕ ಮಾಡಿ: 37.3ಕ್ಕೆ ಎದುರಾಗಿ 39.7, ವ್ಯತ್ಯಾಸ ಅಷ್ಟೇನಿಲ್ಲ. ಪೆಟ್ಟು ಬೀಳುವುದು ಸಣ್ಣ ಮಳೆಯಲ್ಲೇ.

ನಕ್ಷೆ ತಂತ್ರಾಂಶ QGISನಲ್ಲಿ ಇದಕ್ಕೆ ಹೆಚ್ಚು ಕೆಲಸವಿಲ್ಲ. ಭೂಬಳಕೆ ಮತ್ತು ಮಣ್ಣು, ಎರಡೂ ಪದರಗಳನ್ನು ಒಂದೇ ಗ್ರಿಡ್‌ಗೆ ತನ್ನಿ. ಮರುಹೊಂದಿಸುವಾಗ nearest neighbour ಆಯ್ಕೆಯೇ ಇರಲಿ. ಬೇರೆ ಆಯ್ಕೆಯಲ್ಲಿ ವರ್ಗ 40 ಮತ್ತು 50ರ ನಡುವೆ 45 ಅನ್ನೋ ಇಲ್ಲದ ವರ್ಗ ಹುಟ್ಟಿಕೊಳ್ಳುತ್ತೆ. ಕೋಷ್ಟಕ ನೋಡಿ ಸಿಎನ್ ಕೊಟ್ಟು, S ಪದರ ಮಾಡಿ, ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ:

```
(40 > 0.2*"S@1") * (40 - 0.2*"S@1")^2 / (40 + 0.8*"S@1")
```

ಮೊದಲ ಆವರಣ ಬಿಡಬೇಡಿ. ಅದಿಲ್ಲದಿದ್ದರೆ 20 ಮಿ.ಮೀ. ಮಳೆಗೂ ತೋಪಿನಿಂದ 1.2 ಮಿ.ಮೀ. ಹರಿದಂತೆ ತೋರಿಸುತ್ತೆ, ಯಾಕೆಂದರೆ ಋಣ ಸಂಖ್ಯೆಯ ವರ್ಗ ಧನವೇ. ನಿಜವಾದ ಉತ್ತರ ಸೊನ್ನೆ.

ಇನ್ನೊಂದು, ಭಾರತದ ಕೈಪಿಡಿಗಳಲ್ಲಿ ಕಪ್ಪು ಮಣ್ಣು ಬಿಟ್ಟು ಉಳಿದ ಮಣ್ಣಿಗೆ 0.2ರ ಬದಲು 0.3 ಹಾಕುತ್ತಾರೆ. ನಿಮ್ಮದು ಕೆಂಪು ಮಣ್ಣಾದರೆ ಹಾಗೂ ಒಮ್ಮೆ ಮಾಡಿ ನೋಡಿ. ಆಗ ಛೇದದಲ್ಲಿ 0.8 ಹೋಗಿ 0.7 ಆಗುತ್ತೆ.

ಕೂಡಿಸಿದ ಉತ್ತರವನ್ನೂ ಕಣ್ಮುಚ್ಚಿ ನಂಬಬೇಡಿ. ಊರ ಚರಂಡಿ ಮತ್ತು ಬಂಡೆಯ ನೀರು ಹಳ್ಳಕ್ಕೆ ನೇರ ಸೇರಿದರೆ ಮಾತ್ರ 34.4 ಪೂರ್ತಿ ಕೆರೆ ತಲುಪುತ್ತೆ. ಬದು ಹಾಕಿದ ಹೊಲದ ಮೇಲೆ ಹಾದು ಬಂದರೆ ಅರ್ಧ ದಾರಿಯಲ್ಲೇ ಇಂಗುತ್ತೆ. ಯಾವ ಪದರವೂ ಇದನ್ನು ಹೇಳುವುದಿಲ್ಲ. ಜೋರು ಮಳೆ ಬರುವಾಗ ಛತ್ರಿ ಹಿಡಿದು ಊರಂಚಿನ ಚರಂಡಿ ಎಲ್ಲಿಗೆ ಹೋಗುತ್ತೆ ಅಂತ ನೋಡಿ ಬರಬೇಕು.