ವಸೂಲಾತಿ ಶೇ. 97 ಇದ್ದರೂ ಒಕ್ಕೂಟ ನಷ್ಟಕ್ಕೆ ಹೋಗುತ್ತಾ?

ಪ್ರಶ್ನೆ: ಸಕಲೇಶಪುರ ಕಡೆ ನಮ್ಮ ಮಹಿಳಾ ಒಕ್ಕೂಟ ಇದೆ. ವಸೂಲಾತಿ ಶೇ. 97. ಆದ್ರೂ ಬ್ಯಾಂಕಿನವರು ಪಿಎಆರ್ ಎಷ್ಟು, ಒಬ್ಬ ಸಾಲಗಾರ್ತಿಗೆ ಖರ್ಚೆಷ್ಟು ಅಂತ ಕೇಳ್ತಿದಾರೆ. ವಸೂಲಾತಿ ಒಂದೇ ನೋಡಿದ್ರೆ ಸಾಕಾಗಲ್ವಾ?

ಸಾಕಾಗಲ್ಲ. ವಸೂಲಾತಿ ಅಂಕಿ ಈ ತಿಂಗಳು ಬರಬೇಕಿದ್ದ ದುಡ್ಡಿನಲ್ಲಿ ಎಷ್ಟು ಬಂತು ಅಂತ ಮಾತ್ರ ಹೇಳುತ್ತದೆ. ಜನರ ಕೈಯಲ್ಲಿರುವ ದುಡ್ಡಿನಲ್ಲಿ ಎಷ್ಟು ವಾಪಸ್ ಬರೋದು ಅನುಮಾನ ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಪಿಎಆರ್, ಅಂದರೆ ಅಪಾಯದಲ್ಲಿರುವ ಸಾಲದ ಪಾಲು. ನಾನು ಹಾಸನ, ಚಿಕ್ಕಮಗಳೂರು ಕಡೆಯ ಒಕ್ಕೂಟಗಳ ಲೆಕ್ಕ ನೋಡುವ ಕೆಲಸ ಮಾಡುತ್ತೇನೆ. ನಿಮ್ಮ ಪುಸ್ತಕ ನೋಡಿಲ್ಲ, ಹಾಗಾಗಿ ಲೆಕ್ಕ ಸುಲಭವಾಗುವಂಥ ಒಂದು ಉದಾಹರಣೆ ಇಟ್ಟುಕೊಳ್ಳೋಣ.

300 ಹೆಣ್ಣುಮಕ್ಕಳು ಸಾಲ ತೆಗೆದುಕೊಂಡಿದ್ದಾರೆ. ಒಬ್ಬೊಬ್ಬರಿಗೂ 24,000 ರೂಪಾಯಿ, 12 ತಿಂಗಳ ಕಂತು. ಅಂದರೆ ತಿಂಗಳಿಗೆ ಅಸಲು 2,000. ಕೆಲವರು ಈಗಷ್ಟೇ ತೆಗೆದುಕೊಂಡವರು, ಕೆಲವರದು ಮುಗಿಯುತ್ತಾ ಬಂದಿದೆ. ಇನ್ನೂ ವಾಪಸ್ ಬರಬೇಕಾದ ಅಸಲು, ಅಂದರೆ ಹೊರಬಾಕಿ, ಒಟ್ಟು 36 ಲಕ್ಷ, ಸರಾಸರಿ ತಲಾ 12,000. ಬಡ್ಡಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಈ ತಿಂಗಳು ಬರಬೇಕಾದದ್ದು 6 ಲಕ್ಷ. 20 ಜನ ಕಟ್ಟಲಿಲ್ಲ. ಉಳಿದ 280 ಜನರಿಂದ 5,60,000 ಬಂತು. ಇದರ ಜೊತೆ 11 ಜನ ಮುಂದಿನ ತಿಂಗಳ ಕಂತನ್ನೂ ಈಗಲೇ ಕಟ್ಟಿದರು, ಅದು 22,000. ಒಟ್ಟು 5,82,000. ಭಾಗಿಸಿ ನೋಡಿ, ಸರಿಯಾಗಿ ಶೇ. 97. ಆದರೆ ಮುಂಗಡ ಬಂದದ್ದು ಈ ತಿಂಗಳ ಬಾಕಿಯೇ ಅಲ್ಲ. ಅದನ್ನು ತೆಗೆದರೆ ನಿಜವಾದ ವಸೂಲಾತಿ ಶೇ. 93 ಚಿಲ್ಲರೆ. ಹಳೆ ಬಾಕಿ ವಸೂಲಾದಾಗಲೂ ಇದೇ ಕಥೆ. ಅದನ್ನು ಮೇಲೆ ಸೇರಿಸಿ, ಕೆಳಗೆ ಈ ತಿಂಗಳ ಬೇಡಿಕೆ ಮಾತ್ರ ಇಟ್ಟರೆ ಶೇ. 100 ದಾಟಿದರೂ ಆಶ್ಚರ್ಯ ಇಲ್ಲ.

ಈಗ ಪಿಎಆರ್. ಕಂತು ತಪ್ಪಿ 30 ದಿನ ದಾಟಿದವರನ್ನು ಮೊದಲು ಗುರುತಿಸಿ. ಅವರು ತಪ್ಪಿಸಿದ ಕಂತನ್ನಷ್ಟೇ ಅಲ್ಲ, ಅವರಿಂದ ಇನ್ನೂ ಬರಬೇಕಾದ ಪೂರ್ತಿ ಅಸಲನ್ನು ಕೂಡಿಸಬೇಕು. ಅದನ್ನು ಒಟ್ಟು ಹೊರಬಾಕಿಯಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ಆ 20 ಜನರಲ್ಲಿ 14 ಜನರದು 30 ದಿನ ದಾಟಿದೆ ಅಂದುಕೊಳ್ಳಿ. ಅವರು ತಪ್ಪಿಸಿದ್ದು ಎಲ್ಲ ಸೇರಿ 35 ಕಂತು, 70,000 ರೂಪಾಯಿ. ಹೊರಬಾಕಿಗೆ ಹೋಲಿಸಿದರೆ ಶೇ. 2ಕ್ಕೂ ಕಡಿಮೆ. ಸಭೆಯಲ್ಲಿ ಓದಿದರೆ ಯಾರಿಗೂ ಗಾಬರಿಯಾಗಲ್ಲ. ಆದರೆ ಅವರು ಸಾಲದ ಶುರುವಿನಲ್ಲೇ ನಿಲ್ಲಿಸಿದವರು. ತಲಾ 18,000 ಉಳಿದಿದೆ, ಒಟ್ಟು 2,52,000. ಪಿಎಆರ್ ಶೇ. 7. ಮೂರು ಕಂತು ಕಟ್ಟಿ ಸುಮ್ಮನಾದವರು ಒಂಬತ್ತನೇ ಕಂತು ತಂದುಕೊಡ್ತಾರೆ ಅಂತ ನಂಬುವುದು ಹೇಗೆ, ಅಲ್ವಾ? ಅದಕ್ಕೇ ಬ್ಯಾಂಕಿನವರು ಪೂರ್ತಿ ಅಸಲು ಕೇಳುತ್ತಾರೆ. ಅಡಮಾನ ಇಲ್ಲದ ಸಾಲ ಆದ್ದರಿಂದ ಸಾಮಾನ್ಯವಾಗಿ ಶೇ. 5ರ ಒಳಗಿದ್ದರೆ ಪರವಾಗಿಲ್ಲ ಅನ್ನುತ್ತಾರೆ. ಶೇ. 10 ದಾಟಿದರೆ ಕೈ ತಡೆಯುತ್ತಾರೆ.

ಒಬ್ಬ ಸಾಲಗಾರ್ತಿಗೆ ಎಷ್ಟು ಖರ್ಚು ಅನ್ನುವುದು ಇಲ್ಲಿಗೇ ಬಂದು ಸೇರುತ್ತದೆ. ಒಕ್ಕೂಟ ಶೇ. 18ಕ್ಕೆ ಸಾಲ ಕೊಡುತ್ತದೆ, ಬ್ಯಾಂಕಿಗೆ ಶೇ. 10 ಕಟ್ಟುತ್ತದೆ ಅನ್ನೋಣ. ಉಳಿಯುವುದು ಶೇ. 8. ಸರಾಸರಿ 12,000ದ ಮೇಲೆ ಲೆಕ್ಕ ಹಾಕಿದರೆ ವರ್ಷಕ್ಕೆ ಒಬ್ಬರಿಂದ 960 ರೂಪಾಯಿ. ಇಷ್ಟರಲ್ಲೇ ಎಲ್ಲ ಖರ್ಚು ಮುಗಿಯಬೇಕು.

ಪುಸ್ತಕದಲ್ಲಿ ವರ್ಷದ ಖರ್ಚು 1,80,000 ಅಂತಿದೆ. ತಲಾ 600. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಲೆಕ್ಕ ಬರೆಯುವವರ ಗೌರವಧನ ಯೋಜನೆಯಿಂದ ಬರುತ್ತಿದೆ, ತಿಂಗಳಿಗೆ 5,000. ಕೂರುವ ಕೋಣೆ ಪಂಚಾಯಿತಿಯದು, ಬಾಡಿಗೆ ಕೊಟ್ಟಿದ್ದರೆ 1,500. ಇವೆರಡನ್ನೂ ಸೇರಿಸಿದರೆ ವರ್ಷಕ್ಕೆ 78,000 ಜಾಸ್ತಿ. ಆಗ ಖರ್ಚು 2,58,000, ತಲಾ 860. ಯೋಜನೆ ಯಾವತ್ತಾದರೂ ನಿಲ್ಲುತ್ತದೆ, ಹಾಗಾಗಿ ನಾನು ಯಾವಾಗಲೂ ಈ ಎರಡನೇ ಅಂಕಿಯನ್ನೇ ನೋಡುತ್ತೇನೆ. ಒಕ್ಕೂಟಕ್ಕೆ ಮಿಕ್ಕುವುದು ತಲಾ 100, 300 ಜನರಿಂದ ವರ್ಷಕ್ಕೆ 30,000.

ಈಗ ಎರಡನ್ನೂ ಎದುರು ಬದುರು ಇಡಿ. ಅಪಾಯದಲ್ಲಿರುವ 2,52,000ದಲ್ಲಿ ಅರ್ಧ ಮುಳುಗಿದರೂ 1,26,000. ನಾಲ್ಕು ವರ್ಷ ಮಿಕ್ಕಿದ್ದೆಲ್ಲ ಹೋಯಿತು. ವಸೂಲಾತಿ ಶೇ. 97 ಅಂತ ಬರೆದುಕೊಂಡ ಅದೇ ಒಕ್ಕೂಟ ಇದು.

ತಲಾ ಖರ್ಚು ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತಲೂ ತಿಳಿಯಬೇಡಿ. ನಿಮ್ಮ ಕಡೆ ಎಸ್ಟೇಟಿನ ಲೈನ್ ಮನೆಗಳಿಗೆ ಹೋಗಿ ಬರಲು ಅರ್ಧ ದಿನ ಬೇಕು. ಆ ಓಡಾಟ ನಿಲ್ಲಿಸಿದರೆ ಈ ವರ್ಷ ಖರ್ಚು ಇಳಿಯುತ್ತದೆ. ಕೆಲವು ತಿಂಗಳು ಬಿಟ್ಟು ಪಿಎಆರ್ ಏರುತ್ತದೆ.

ಪಿಎಆರ್ ಅನ್ನೂ ಚೆನ್ನಾಗಿ ಕಾಣುವ ಹಾಗೆ ಮಾಡಬಹುದು. ಸುಲಭದ ದಾರಿ ಅಂದರೆ ಹೊಸ ಸಾಲ ಸುರಿಯುವುದು. ಮೇಲಿನ ಒಕ್ಕೂಟ ಇನ್ನೂ 10 ಲಕ್ಷ ಹಂಚಿದರೆ ಹೊರಬಾಕಿ 46 ಲಕ್ಷ ಆಗುತ್ತದೆ, ಪಿಎಆರ್ ಸುಮ್ನೆ ಶೇ. 5.5ಕ್ಕೆ ಇಳಿಯುತ್ತದೆ. ಒಂದು ರೂಪಾಯಿಯೂ ವಸೂಲಾಗಿಲ್ಲ! ಇನ್ನೊಂದು, ಸುಸ್ತಿಯಾದವರಿಗೇ ಹೊಸ ಸಾಲ ಬರೆದು ಹಳೆಯದನ್ನು ಮುಗಿಸುವುದು. ಇದನ್ನು ಹಿಡಿಯುವುದು ಕಷ್ಟವಲ್ಲ. ಒಂದೇ ದಿನ ಒಬ್ಬರದೇ ಹಳೆ ಸಾಲ ಮುಕ್ತಾಯ, ಹೊಸ ಸಾಲ ವಿತರಣೆ ಎರಡೂ ಇದ್ದು, ನಗದು ಪುಸ್ತಕದಲ್ಲಿ ದುಡ್ಡು ಓಡಾಡಿರದಿದ್ದರೆ ಅದು ಹೊಂದಾಣಿಕೆ. ಅಂಥ ಸಾಲವನ್ನು ಸುಸ್ತಿಯ ಜೊತೆಗೇ ಎಣಿಸಿ.

ನಮ್ಮ ಕಡೆ ಹೆಚ್ಚು ಮೋಸ ಮಾಡುವುದು ಇದ್ಯಾವುದೂ ಅಲ್ಲ, ಒಕ್ಕೂಟದೊಳಗಿನ ಒಂದೊಂದು ಸ್ವಸಹಾಯ ಸಂಘದ ಉಳಿತಾಯ. ಸದಸ್ಯೆಯೊಬ್ಬರು ಕಂತು ತರದಿದ್ದರೆ ಸಂಘದವರು ಉಳಿತಾಯದಿಂದ ತುಂಬಿ ಒಕ್ಕೂಟಕ್ಕೆ ಕಟ್ಟಿಬಿಡುತ್ತಾರೆ. ಮರ್ಯಾದೆ ಪ್ರಶ್ನೆ ನೋಡಿ. ಒಕ್ಕೂಟದ ಪುಸ್ತಕದಲ್ಲಿ ಪಿಎಆರ್ ಸೊನ್ನೆ. ಒಂದು ದಿನ ಉಳಿತಾಯ ಖಾಲಿಯಾದಾಗ ಇಡೀ ಸಂಘ ಒಟ್ಟಿಗೆ ಸುಸ್ತಿಯಾಗುತ್ತದೆ. ಕಂತು ಸರಿಯಾಗಿ ಬರುತ್ತಿದ್ದೂ ಉಳಿತಾಯ ತಿಂಗಳು ತಿಂಗಳು ಕರಗುತ್ತಿರುವ ಸಂಘಗಳ ಪಟ್ಟಿ ಮಾಡಿ. ಅಲ್ಲಿನ ಸದಸ್ಯೆಯರ ಪಾಸ್‌ಪುಸ್ತಕ ತರಿಸಿ, ಸಂಘದ ಖಾತೆ ಜೊತೆ ತಾಳೆ ನೋಡಿ. ಪಿಎಆರ್ ಅನ್ನು ಸದಸ್ಯೆಯರ ಮಟ್ಟದಲ್ಲೇ ಲೆಕ್ಕ ಹಾಕಿ.

ಲೆಕ್ಕ ಹಾಕುವಾಗ ಜುಲೈಯನ್ನು ಜನವರಿ ಜೊತೆ ಹೋಲಿಸಬೇಡಿ. ಕಾಫಿ ಕೊಯ್ಲಿನಲ್ಲಿ ಕೂಲಿ ಕೈಗೆ ಬರುತ್ತದೆ, ಮಳೆಗಾಲದಲ್ಲಿ ಕೆಲಸ ಕಡಿಮೆ. ಜುಲೈಗೆ ಹಿಂದಿನ ಜುಲೈಯೇ ಸರಿ. ಆಲೂಗಡ್ಡೆಗೋ ಶುಂಠಿಗೋ ಕೊಟ್ಟು, ಬೆಳೆ ಬಂದಾಗ ಒಂದೇ ಸಲ ತೀರಿಸುವ ಸಾಲ ಇದ್ದರೆ ಅದನ್ನು ಬೇರೆ ತೆಗೆದಿಡಿ. ಗಡುವು ಬರುವವರೆಗೆ ಅದರಲ್ಲಿ ತಪ್ಪಲು ಕಂತೇ ಇರುವುದಿಲ್ಲ, ಆದ್ದರಿಂದ ಪಿಎಆರ್ ಸೊನ್ನೆಯೇ ಇರುತ್ತದೆ. ನಿಮ್ಮಲ್ಲಿ ಅಂಥ ಸಾಲ ಎಷ್ಟಿದೆ ಅಂತ ಕೆಳಗೆ ಬರೆಯಿರಿ, ಅದನ್ನು ಹೇಗೆ ನೋಡಬೇಕು ಅಂತ ಆಮೇಲೆ ಹೇಳುತ್ತೇನೆ.