ಅಲಸಂದೆ ಕಾಳಿನ ಸಾರು: ಒಂದೇ ಪಾತ್ರೆ, ಎರಡು ಖಾರ

ಪ್ರಶ್ನೆ: ಮನೆಯಲ್ಲಿ ಐದು ಜನ. ಅತ್ತೆಗೂ ಆರು ವರ್ಷದ ಮಗಳಿಗೂ ಖಾರ ಆಗುವುದಿಲ್ಲ, ಉಳಿದ ಮೂವರಿಗೆ ಖಾರವಿಲ್ಲದೆ ಊಟ ಸೇರುವುದಿಲ್ಲ. ದಿನವೂ ಎರಡು ಸಾರು ಮಾಡಿ ಸಾಕಾಗಿದೆ. ಒಂದೇ ಸಾರನ್ನು ಎರಡು ಖಾರಕ್ಕೆ ಮುಗಿಸುವುದು ಹೇಗೆ?

ನಮ್ಮ ಮನೆಯಲ್ಲಿಯೂ ಇದೇ ಪರಿಸ್ಥಿತಿ ಇದ್ದುದರಿಂದ, ವಾರಕ್ಕೊಮ್ಮೆಯಾದರೂ ಮಾಡುವ ಅಲಸಂದೆ ಕಾಳಿನ ಸಾರನ್ನೇ ಉದಾಹರಣೆಯಾಗಿ ತೆಗೆದುಕೊಂಡು ಹೇಳುತ್ತೇನೆ. ಮೊದಮೊದಲು ನಾನು ಸಪ್ಪೆ ಸಾರು ಮಾಡಿ, ಬಡಿಸುವಾಗ ದೊಡ್ಡವರ ಬಟ್ಟಲಿಗೆ ಅಚ್ಚಖಾರದ ಪುಡಿ ಉದುರಿಸುತ್ತಿದ್ದೆ. ಅದು ಖಾರವಾಗುತ್ತಿತ್ತೇ ಹೊರತು ರುಚಿಯಾಗುತ್ತಿರಲಿಲ್ಲ. ಹಸಿ ಪುಡಿಯ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಖಾರವನ್ನು ಒಗ್ಗರಣೆಯ ಎಣ್ಣೆಗೆ ಇಳಿಸಿ, ಆ ಎಣ್ಣೆಯನ್ನು ಸಾರಿಗೆ ಸೇರಿಸಿದರೆ ಅದು ಇಡೀ ಸಾರಿನಲ್ಲಿ ಹರಡುತ್ತದೆ.

ಐದು ಜನರಿಗೆ ಒಂದು ಲೋಟ ಅಲಸಂದೆಯನ್ನು ನಾಲ್ಕು ಗಂಟೆ ನೆನೆಸಿ, ಎರಡು ಆಲೂಗಡ್ಡೆಯೊಂದಿಗೆ ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿಕೊಳ್ಳಿ. ಮಸಾಲೆಗೆ ಎರಡು ಚಮಚ ಧನಿಯ, ಅರ್ಧ ಚಮಚ ಜೀರಿಗೆ, ಒಂದು ಈರುಳ್ಳಿ ಮತ್ತು ಎರಡು ಟೊಮೆಟೊಗಳನ್ನು ಹುರಿದು, ಅರ್ಧ ಲೋಟ ತೆಂಗಿನತುರಿ ಹಾಗೂ ಮೂರು ಬ್ಯಾಡಗಿ ಮೆಣಸಿನಕಾಯಿಯೊಂದಿಗೆ ನುಣ್ಣಗೆ ರುಬ್ಬಬೇಕು. ಬ್ಯಾಡಗಿಯೇ ಏಕೆಂದರೆ, ಸುಕ್ಕುಗಟ್ಟಿದ ಆ ಕಾಯಿ ಬಣ್ಣವನ್ನು ಧಾರಾಳವಾಗಿ ಕೊಡುತ್ತದೆ, ಖಾರವನ್ನು ಹಿಡಿದು ಕೊಡುತ್ತದೆ. ಅದನ್ನೂ ಸೀಳಿ, ಬೀಜದ ಜೊತೆಗೆ ಬೀಜ ಅಂಟಿಕೊಂಡಿರುವ ಒಳಗಿನ ನಾರನ್ನೂ ತೆಗೆದು, ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ರುಬ್ಬಿ. ಖಾರ ಬೀಜದಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಅದು ಹೆಚ್ಚಾಗಿರುವುದು ಆ ನಾರಿನಲ್ಲಿಯೇ. ಹೀಗೆ ಮಾಡಿದರೆ ಸಪ್ಪೆಯ ಪಾಲು ಕೂಡ ಕೆಂಪಗೆ ಕಾಣುತ್ತದೆ, ಮಗುವಿಗೆ ತನ್ನ ತಟ್ಟೆಗೆ ಬೇರೆಯದೇನೋ ಬಿದ್ದಿದೆ ಎಂದೆನಿಸುವುದಿಲ್ಲ.

ರುಬ್ಬಿದ ಮಸಾಲೆ, ಸ್ವಲ್ಪ ಹುಣಸೆ ರಸ ಮತ್ತು ಉಪ್ಪನ್ನು ಕಾಳಿಗೆ ಸೇರಿಸಿ, ಸಾರು ಹದಕ್ಕೆ ಬರುವವರೆಗೆ ಹತ್ತು ನಿಮಿಷ ಕುದಿಸಿ. ಉಪ್ಪು, ಹುಳಿ ಎರಡನ್ನೂ ಈ ಹಂತದಲ್ಲಿಯೇ ಸರಿಪಡಿಸಿ, ಅನಂತರ ಎರಡು ಪಾತ್ರೆಗೆ ಪಾಲು ಮಾಡಬೇಕು. ನಿಮ್ಮ ಲೆಕ್ಕದಲ್ಲಿ ಮೂರು ಪಾಲು ಖಾರದವರಿಗೆ, ಎರಡು ಪಾಲು ಅತ್ತೆ ಮತ್ತು ಮಗಳಿಗೆ.

ಒಗ್ಗರಣೆ ಸೌಟು ಒಂದೇ ಇದ್ದರೆ ಸಪ್ಪೆಯ ಪಾಲಿನದನ್ನೇ ಮೊದಲು ಮಾಡಿ. ಒಂದು ಚಮಚ ತುಪ್ಪದಲ್ಲಿ ಸಾಸಿವೆ ಸಿಡಿಸಿ, ಜೀರಿಗೆ, ಇಂಗು, ಕರಿಬೇವು ಹಾಕಿ ಆ ಪಾತ್ರೆಗೆ ಸುರಿಯಿರಿ. ಕಾಳುಮೆಣಸು ಬೇಡ, ಅದು ಇನ್ನೊಂದು ಬಗೆಯ ಖಾರ. ಖಾರವಿಲ್ಲದ ಸಾರಿನಲ್ಲಿ ಹುಳಿ ಮೇಲೆದ್ದು ಕಾಣುವುದರಿಂದ ಚಿಟಿಕೆ ಬೆಲ್ಲ ಸೇರಿಸುವುದು ನನ್ನ ರೂಢಿ. ಸಪ್ಪೆ ಪಾಲಿಗೂ ತನ್ನದೇ ಒಂದು ರುಚಿ ಇಲ್ಲದಿದ್ದರೆ ಅತ್ತೆಯವರು ಅದನ್ನು ಪಥ್ಯದ ಊಟವೆಂದೇ ತಿಳಿಯುತ್ತಾರೆ.

ಅದೇ ಸೌಟಿನಲ್ಲಿ ಅನಂತರ ಎರಡು ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಮತ್ತು ಮುರಿದ ಎರಡು ಗುಂಟೂರು ಮೆಣಸಿನಕಾಯಿ ಹಾಕಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗುತ್ತಿದ್ದಂತೆ ಉರಿ ಆರಿಸಿ, ಹತ್ತೆಣಿಸುವಷ್ಟು ಹೊತ್ತು ಬಿಟ್ಟು, ಮುಕ್ಕಾಲು ಚಮಚ ಖಾರದ ಪುಡಿ ಹಾಕಿ ಕಲಕಿ, ತಕ್ಷಣವೇ ಪಾತ್ರೆಯಿಂದ ಅರ್ಧ ಸೌಟು ಸಾರನ್ನು ಅದಕ್ಕೆ ಸುರಿಯಿರಿ. ಎಡವುವುದು ಇಲ್ಲಿಯೇ. ಉರಿಯ ಮೇಲೆಯೇ ಪುಡಿ ಹಾಕಿದರೆ ಅದು ಕ್ಷಣದಲ್ಲಿ ಸೀದು ಕಂದುಗಪ್ಪಾಗುತ್ತದೆ, ಮನೆಯವರೆಲ್ಲ ಕೆಮ್ಮುತ್ತಾರೆ. ಅಂತಹ ಒಗ್ಗರಣೆಯ ಕಹಿಯನ್ನು ಬೆಲ್ಲವೂ ಮುಚ್ಚುವುದಿಲ್ಲವಾದ್ದರಿಂದ ಚೆಲ್ಲಿ ಹೊಸದಾಗಿ ಮಾಡುವುದೇ ಸರಿ. ಎಣ್ಣೆ ಕೆಂಪಾಗಿ, ಪುಡಿಯ ಹಸಿ ವಾಸನೆ ಹೋಗಿ ಘಮ ಬಂದರೆ ಸರಿಯಾಗಿದೆ ಎಂದರ್ಥ. ಅದನ್ನು ದೊಡ್ಡ ಪಾಲಿಗೆ ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿದ ಮೇಲೆಯೇ ರುಚಿ ನೋಡಿ, ಏಕೆಂದರೆ ಮುರಿದ ಮೆಣಸಿನಕಾಯಿ ಖಾರವನ್ನು ನಿಧಾನವಾಗಿ ಬಿಡುತ್ತದೆ. ರಾತ್ರಿಗೂ ಅದೇ ಸಾರನ್ನು ಇಡುವುದಾದರೆ ಆ ತುಂಡುಗಳನ್ನು ತೆಗೆದಿಡುವುದು ಒಳ್ಳೆಯದು.

ಎರಡು ಪಾತ್ರೆಗೂ ಬೇರೆ ಬೇರೆ ಸೌಟು ಇರಲಿ. ಅಷ್ಟಾಗಿಯೂ ಖಾರದ ಸೌಟು ಸಪ್ಪೆ ಪಾತ್ರೆಗೆ ಬಿದ್ದರೆ ನೀರು ಬೆರೆಸಬೇಡಿ. ಅದರಿಂದ ಸಾರು ತೆಳ್ಳಗಾಗುತ್ತದೆಯೇ ವಿನಾ ನಾಲಿಗೆಯ ಉರಿ ಅಷ್ಟಾಗಿ ತಗ್ಗುವುದಿಲ್ಲ. ಅರ್ಧ ಲೋಟ ಗಟ್ಟಿ ತೆಂಗಿನ ಹಾಲು ಸೇರಿಸಿ, ಪಾತ್ರೆಯಲ್ಲಿರುವ ಆಲೂಗಡ್ಡೆಯ ನಾಲ್ಕು ಹೋಳುಗಳನ್ನು ಹಿಸುಕಿ ಕಲಸಿ, ಮಗಳ ತಟ್ಟೆಯ ಪಕ್ಕದಲ್ಲಿ ಗಟ್ಟಿ ಮೊಸರಿಡಿ.

ಕೋಳಿ ಸಾರಿಗೆ ಇದೇ ಕ್ರಮ ಪೂರ್ತಿ ಹೊಂದುವುದಿಲ್ಲ. ಅದರಲ್ಲಿ ತುಂಡುಗಳು ಮೊದಲಿನಿಂದಲೇ ಖಾರವನ್ನು ಹೀರಿಕೊಂಡು ಬೆಂದರೆ ರುಚಿ, ಕೊನೆಯ ಒಗ್ಗರಣೆಯ ಖಾರ ರಸದಲ್ಲಿಯೇ ನಿಂತುಬಿಡುತ್ತದೆ. ಹಾಗಾಗಿ ಕೋಳಿಯನ್ನು ಅರ್ಧ ಬೆಂದಾಗಲೇ ಪಾಲು ಮಾಡಿ, ಖಾರದ ಒಗ್ಗರಣೆ ಬಿದ್ದ ಪಾತ್ರೆಯಲ್ಲಿ ಉಳಿದರ್ಧ ಬೇಯಲು ಬಿಡುತ್ತೇನೆ.