ಬಸ್ಸಲ್ಲಿ ಬರುವ ಅಪ್ಪನ ಲೈವ್ ಲೊಕೇಶನ್

"ಅಪ್ಪ ರಾತ್ರಿ ಬಸ್ಸಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರ್ತಾರೆ. ವಾಟ್ಸಾಪ್ ಲೈವ್ ಲೊಕೇಶನ್ ಅರ್ಧ ದಾರೀಲಿ ನಿಂತುಬಿಡುತ್ತೆ, ಯಾಕೆ?"

ಆಂಡ್ರಾಯ್ಡ್ ಫೋನ್ ಆದರೆ ಜಾಸ್ತಿ ಸಲ ಕಾರಣ ಬ್ಯಾಟರಿ ಸೆಟ್ಟಿಂಗೇ. ಅಪ್ಪ ಸ್ಕ್ರೀನ್ ಆರಿಸಿ ಮಲಗಿದ ಮೇಲೆ ಫೋನ್ ವಾಟ್ಸಾಪನ್ನೂ ಮಲಗಿಸುತ್ತದೆ. ವಾಟ್ಸಾಪ್ ಐಕಾನನ್ನು ಒತ್ತಿ ಹಿಡಿದು App info ತೆರೆಯಿರಿ, ಬ್ಯಾಟರಿಯಲ್ಲಿ Unrestricted ಕೊಡಿ. ಲೊಕೇಶನ್ ಅನುಮತಿ Allow all the time ಇರಲಿ. ಪವರ್ ಸೇವಿಂಗ್ ಆನ್ ಇದ್ದರೆ ಇಷ್ಟು ಮಾಡಿದರೂ ನಿಲ್ಲಬಹುದು, ಹಾಗಾಗಿ ಹೊರಡುವಾಗ ಫುಲ್ ಚಾರ್ಜ್ ಮಾಡಿಸಿ, ಬ್ಯಾಗಲ್ಲಿ ಪವರ್ ಬ್ಯಾಂಕ್ ಇಡಿಸಿ.

ಇನ್ನು ಅವಧಿ. ವಾಟ್ಸಾಪಲ್ಲಿ ಇರೋದು 15 ನಿಮಿಷ, 1 ಗಂಟೆ, 8 ಗಂಟೆ ಅಷ್ಟೇ. ಅಪ್ಪ ಮನೆಯಿಂದಲೇ 9ಕ್ಕೆ ಶೇರ್ ಮಾಡಿದರೆ ಬೆಳಗ್ಗೆ 5ಕ್ಕೆ ಮುಗಿಯುತ್ತದೆ, ಆಗ ಬಸ್ಸು ತುಮಕೂರು ದಾಟಿರುತ್ತೋ ಇಲ್ವೋ! ಬಸ್ಸು ಹತ್ತಿ ಕೂತ ಮೇಲೆ ಶೇರ್ ಮಾಡಲಿ.

ನಕ್ಷೆಯಲ್ಲಿ ಚುಕ್ಕಿ ನಿಂತರೆ ಗಾಬರಿ ಬೇಡ, ಕೊನೆಯ ಅಪ್‌ಡೇಟ್ ಯಾವಾಗ ಅಂತ ನೋಡಿ. ಅದು ಹಳೆಯದಾದರೆ ನಿಂತಿರೋದು ಬಸ್ಸಲ್ಲ, ಫೋನು ಅಥವಾ ನೆಟ್‌ವರ್ಕ್. ಗೂಗಲ್ ಮ್ಯಾಪ್ಸಲ್ಲಿ ಶೇರ್ ಮಾಡಿಸಿದರೆ ಅವರ ಬ್ಯಾಟರಿ ಎಷ್ಟಿದೆ ಅಂತಲೂ ಕಾಣುತ್ತೆ. ಆದರೆ ಅಲ್ಲಿ Until you turn this off ಒತ್ತಿಸಬೇಡಿ, ಆಮೇಲೆ ಆಫ್ ಮಾಡೋದು ಯಾರಿಗೂ ನೆನಪಿರಲ್ಲ. ಮತ್ತೆ, ನಿಮ್ಮೊಬ್ಬರಿಗೇ ಕಳಿಸಲಿ, ನೆಂಟರ ಗ್ರೂಪಿಗೆ ಬೇಡ. ಮನೆಗೆ ಬೀಗ ಹಾಕಿದೆ ಅಂತ ಅಷ್ಟೂ ಜನಕ್ಕೆ ಸುಮ್ನೆ ಯಾಕೆ ಗೊತ್ತಾಗಬೇಕು, ಅಲ್ವಾ?